ಅರ್ಧ ವೈರಿಂಗ್ ಆದ ಮನೆಯಲ್ಲಿ ಎಲೆಕ್ಟ್ರಿಷಿಯನ್ ಬದಲಾದಾಗ: ಮನೆ ಯಜಮಾನರಿಗೆ ತಿಳಿಸುವ ಕ್ರಮ

ಕುಮಟಾ, ಹೊನ್ನಾವರ, ಅಂಕೋಲಾ ಕಡೆ ಮನೆ ಕಟ್ಟಿಸುವವರಲ್ಲಿ ಅನೇಕರು ಊರಿನಲ್ಲಿ ಇರುವುದಿಲ್ಲ. ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಕೆಲಸದಲ್ಲಿರುತ್ತಾರೆ. ಕಟ್ಟಡದ ಗುತ್ತಿಗೆ ಹಿಡಿದವರ ಮೇಲೆ ಭಾರ ಹಾಕಿ, ವಾರಕ್ಕೊಮ್ಮೆ ವಾಟ್ಸ್‌ಆ್ಯಪ್‌ನಲ್ಲಿ ಬರುವ ಫೋಟೋ ನೋಡಿ ಸಮಾಧಾನಪಟ್ಟುಕೊಳ್ಳುತ್ತಾರೆ. ಆ ಗುತ್ತಿಗೆದಾರ ವೈರಿಂಗನ್ನು ಇನ್ನೊಬ್ಬರಿಗೆ ಒಳಗುತ್ತಿಗೆ ಕೊಟ್ಟಿರುತ್ತಾನೆ. ಗೋವಾ ಕಡೆ ಹೆಚ್ಚಿನ ಕೂಲಿಯ ಕೆಲಸ ಸಿಕ್ಕಿ ಅವರು ನಡುವೆ ಬಿಟ್ಟು ಹೋಗುವುದೂ, ಕೆಲಸ ಸರಿಯಿಲ್ಲವೆಂದು ಗುತ್ತಿಗೆದಾರನೇ ಕೈಬಿಡುವುದೂ ಅಪರೂಪವಲ್ಲ. ಆಗ ಗುತ್ತಿಗೆದಾರರಾದ ನೀವು ಯಜಮಾನರಿಗೆ ಏನು ಹೇಳಬೇಕು, ಯಾವಾಗ ಹೇಳಬೇಕು, ಬರವಣಿಗೆಯಲ್ಲಿ ಏನಿರಬೇಕು ಎಂಬುದು ಇಲ್ಲಿದೆ.

ವೈರಿಂಗನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಟೈಲ್ಸ್ ಹಾಕುವವರು ಬದಲಾದರೆ ಹಳೆಯ ಕೆಲಸ ಕಣ್ಣೆದುರಿಗೇ ಇರುತ್ತದೆ. ವೈರಿಂಗ್‌ನಲ್ಲಿ ಹಳೆಯವರ ಕೆಲಸ ಸ್ಲ್ಯಾಬಿನೊಳಗೆ, ಗೋಡೆಯೊಳಗೆ ಮುಚ್ಚಿಹೋಗಿರುತ್ತದೆ. ಹೊಸಬರು ಎಷ್ಟೇ ಒಳ್ಳೆಯವರಾಗಿರಲಿ, "ಒಳಗಿರುವುದಕ್ಕೆ ಯಾರು ಜವಾಬ್ದಾರಿ?" ಎಂಬ ಪ್ರಶ್ನೆ ಯಜಮಾನರ ತಲೆಯಲ್ಲಿ ಉಳಿಯುತ್ತದೆ. ನಿಮ್ಮ ಪತ್ರ ಮೊದಲು ಉತ್ತರಿಸಬೇಕಾದದ್ದು ಅದಕ್ಕೆ. ಹೊಸ ಎಲೆಕ್ಟ್ರಿಷಿಯನ್ನರ ಹೊಗಳಿಕೆ ಒಂದು ಪುಟ ಬರೆದರೂ ಅದು ಉತ್ತರವಾಗುವುದಿಲ್ಲ.

ಮೊದಲು ಕರಾರು ತೆಗೆದು ಓದಿ

ಯಜಮಾನರೊಂದಿಗಿನ ಕರಾರಿನಲ್ಲಿ ಒಳಗುತ್ತಿಗೆ ಬಗ್ಗೆ ಏನಿದೆ ನೋಡಿ. ಕೆಲವು ಕರಾರುಗಳಲ್ಲಿ "ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಬದಲಾಯಿಸಬಾರದು" ಎಂದಿರುತ್ತದೆ. ಹಾಗಿದ್ದರೆ ನೀವು ಕಳಿಸಬೇಕಾದದ್ದು ಒಪ್ಪಿಗೆ ಕೇಳುವ ಪತ್ರ. ತಿಳಿಸಿ ಸುಮ್ಮನಾದರೆ ಸಾಲದು. ಏನೂ ಬರೆದಿಲ್ಲವಾದರೆ 1872ರ ಭಾರತೀಯ ಕರಾರು ಕಾಯ್ದೆಯ 40ನೇ ಕಲಮು ಅನ್ವಯಿಸುತ್ತದೆ. ನೀವೇ ಖುದ್ದಾಗಿ ಮಾಡಬೇಕೆಂಬ ಉದ್ದೇಶ ಕರಾರಿನಲ್ಲಿ ಕಾಣದಿದ್ದರೆ, ಸಮರ್ಥರಾದ ಇನ್ನೊಬ್ಬರಿಂದ ಮಾಡಿಸಬಹುದು ಎನ್ನುತ್ತದೆ ಅದು. ಆದರೆ ಯಜಮಾನರ ಕರಾರು ಇರುವುದು ನಿಮ್ಮ ಜೊತೆ. ಆದ್ದರಿಂದ ಕೆಲಸ ಯಾರೇ ಮಾಡಿದರೂ ಹೊಣೆ ನಿಮ್ಮದೇ. ಈ ಒಂದು ಸಂಗತಿಯನ್ನು ಪತ್ರದಲ್ಲಿ ನೇರವಾಗಿ ಬರೆದರೆ ಅರ್ಧ ಆತಂಕ ಕಡಿಮೆಯಾಗುತ್ತದೆ.

ಹಳೆಯ ಎಲೆಕ್ಟ್ರಿಷಿಯನ್ನರನ್ನು ಸೂಚಿಸಿದ್ದು ಯಜಮಾನರೇ ಆಗಿದ್ದರೆ ಲೆಕ್ಕ ಬೇರೆ. ನಮ್ಮ ಕಡೆ "ಭಾವನ ಪರಿಚಯದವ, ಅವನಿಗೇ ಕೊಡಿ" ಎಂದು ಹೇಳುವುದು ಮಾಮೂಲು. ಅಂಥ ಸಂದರ್ಭದಲ್ಲಿ ನಿರ್ಧಾರ ಮಾಡಿಬಿಟ್ಟು ತಿಳಿಸಬೇಡಿ. ಮೊದಲೇ ಫೋನ್ ಮಾಡಿ, ತೊಂದರೆ ಹೇಳಿ, ಅವರ ಮಾತು ಕೇಳಿಕೊಂಡು ಆಮೇಲೆ ಮುಂದುವರಿಯಿರಿ. ಇಲ್ಲವಾದರೆ ವೈರಿಂಗ್ ವಿಷಯ ನೆಂಟಸ್ತಿಕೆಯ ವಿಷಯವಾಗಿಬಿಡುತ್ತದೆ.

ಯಾರಿಗೆ ಯಾವಾಗ

ಅನುಕ್ರಮ ಹೀಗಿರಲಿ: ಹಳೆಯವರ ಜೊತೆ ಮಾತು ಮುಗಿಸಿ, ಹೊಸಬರಿಂದ "ಬರುತ್ತೇನೆ" ಎಂಬ ಖಚಿತ ಮಾತು ಪಡೆದು, ಅದೇ ದಿನ ಯಜಮಾನರಿಗೆ ಫೋನ್. ತಪಾಸಣೆ ಮುಗಿದ ಮೇಲೆ, ಅಂದರೆ ಮೂರು ನಾಲ್ಕು ದಿನದೊಳಗೆ, ಪತ್ರ.

ಹೊಸಬರು ಸಿಗುವ ಮೊದಲೇ ಫೋನ್ ಮಾಡಿದರೆ "ಹಾಗಾದರೆ ಯಾರು ಮಾಡುತ್ತಾರೆ?" ಎಂಬುದಕ್ಕೆ ಉತ್ತರ ಇರುವುದಿಲ್ಲ. ಎಲ್ಲ ಸರಿಹೋದ ಮೇಲೆ ಹೇಳೋಣ ಎಂದು ಎರಡು ವಾರ ತಡೆದರೆ ಇನ್ನೂ ಕೆಟ್ಟದ್ದು. ಸೈಟಿನ ಪಕ್ಕದ ಮನೆಯವರು, ಸಿಮೆಂಟ್ ಅಂಗಡಿಯವರು, ಬಿಟ್ಟುಹೋದ ಎಲೆಕ್ಟ್ರಿಷಿಯನ್ನರ ತಮ್ಮ, ಯಾರೋ ಒಬ್ಬರು ಬೆಂಗಳೂರಿಗೆ ಸುದ್ದಿ ಮುಟ್ಟಿಸಿಯೇ ಇರುತ್ತಾರೆ. ಅವರು ಹೇಳಿದ ಕಾರಣವೇ ಮೊದಲ ಕಾರಣವಾಗಿ ನಿಲ್ಲುತ್ತದೆ. ನೀವು ಆಮೇಲೆ ಏನು ಹೇಳಿದರೂ ಸಮಜಾಯಿಷಿ ಕೊಟ್ಟ ಹಾಗೆ ಕೇಳುತ್ತದೆ.

ಪತ್ರಕ್ಕೂ ಮೊದಲು ತಪಾಸಣೆ

ಯಜಮಾನರಿಗೆ ಧೈರ್ಯ ಕೊಡುವುದು ಮಾತಲ್ಲ, ಅಳತೆ. ಅಳತೆ ಬೇಕೆಂದರೆ ಹಳೆಯವರು ಸಾಮಾನು ಕಟ್ಟಿಕೊಂಡು ಹೋಗುವ ಮೊದಲೇ ಮೂವರೂ, ಅಂದರೆ ನೀವು, ಹಳೆಯವರು, ಹೊಸಬರು, ಸೈಟಿನಲ್ಲಿ ಒಂದು ದಿನ ಕೂಡಬೇಕು. ಹಳೆಯವರ ಕೊನೆಯ ಕಂತನ್ನು ಈ ತಪಾಸಣೆಗೆ ಸಹಿ ಬಿದ್ದ ಮೇಲೆ ಕೊಡುವುದಾಗಿ ಇಟ್ಟುಕೊಂಡರೆ ಅವರು ಬರುತ್ತಾರೆ. ಪೂರ್ತಿ ಕೊಟ್ಟ ಮೇಲೆ ಕರೆದರೆ ಫೋನ್ ಸ್ವಿಚ್ ಆಫ್.

ಒಂದು ಮಾದರಿ ಮನೆ ಇಟ್ಟುಕೊಂಡು ನೋಡೋಣ. ಹೊನ್ನಾವರದ ಹತ್ತಿರ ಕೆಳಗೆ ಮೇಲೆ ಎರಡು ಅಂತಸ್ತಿನ ಚಿರೇಕಲ್ಲಿನ ಮನೆ, ಒಟ್ಟು 112 ಪಾಯಿಂಟ್. ಸ್ಲ್ಯಾಬ್ ಮತ್ತು ಗೋಡೆಯೊಳಗಿನ ಪೈಪುಗಳೆಲ್ಲ ಆಗಿವೆ, ಗಾರೆಯೂ ಆಗಿದೆ. ಕೆಳ ಅಂತಸ್ತಿನ 60 ಪಾಯಿಂಟ್‌ಗಳಿಗೆ ವೈರ್ ಎಳೆದಾಗಿದೆ, ಮೇಲಿನ 52ಕ್ಕೆ ಇಲ್ಲ. ಏಪ್ರಿಲ್ 27ಕ್ಕೆ ಗೃಹಪ್ರವೇಶ.

ಮೇಲಿನ ಅಂತಸ್ತಿನಲ್ಲಿ ಮೊದಲು ನೋಡಬೇಕಾದದ್ದು ಪೈಪುಗಳು ತೆರೆದಿವೆಯೇ ಎಂಬುದು. 52 ಪಾಯಿಂಟಿಗೂ ವೈರ್ ಎಳೆಯುವ ಸ್ಪ್ರಿಂಗ್ ಹಾಕಿಸಿ. ಸ್ಲ್ಯಾಬ್ ಹಾಕುವಾಗ ಪೈಪಿನ ಕೂಡಿಕೆ ಬಿಟ್ಟುಕೊಂಡು ಸಿಮೆಂಟ್ ಹಾಲು ಒಳಗಿಳಿದು ಗಟ್ಟಿಯಾಗುವುದು, ತಿರುವಿನಲ್ಲಿ ಬೆಂಡ್ ಹಾಕದೆ ಪೈಪನ್ನೇ ಬಿಸಿ ಮಾಡಿ ಬಗ್ಗಿಸಿದ್ದರಿಂದ ಒಳಗೆ ಮಡಚಿಕೊಳ್ಳುವುದು, ಗಾರೆಯವರು ಬಾಕ್ಸಿನ ಬಾಯಿ ಮುಚ್ಚಿಬಿಡುವುದು: ಸಾಮಾನ್ಯವಾಗಿ ಸಿಗುವ ತೊಂದರೆಗಳು ಇವೇ. ನಮ್ಮ ಮಾದರಿಯಲ್ಲಿ 48 ಸಲೀಸಾಗಿ ಹೋದವು, 4 ಸಿಕ್ಕಿಕೊಂಡವು. ಸ್ಪ್ರಿಂಗ್ ಎಷ್ಟು ಒಳಹೋಗಿ ನಿಂತಿತು ಎಂದು ಅಳೆದರೆ ತಡೆ ಎಲ್ಲಿದೆ ಎಂದು ಗೊತ್ತಾಗುತ್ತದೆ. ಮೂರು ಗೋಡೆಯಲ್ಲಿದ್ದವು; ಅಲ್ಲಿ ಗೇಣುದ್ದ ಗಾರೆ ಬಿಡಿಸಿ ಪೈಪು ಬದಲಿಸಿದರೆ ಮುಗಿಯಿತು. ಒಂದು ಸ್ಲ್ಯಾಬಿನೊಳಗಿತ್ತು. ಸ್ಲ್ಯಾಬನ್ನು ಕೊರೆಯಲು ಹೋಗಬಾರದು, ಕಬ್ಬಿಣಕ್ಕೆ ಪೆಟ್ಟಾಗುತ್ತದೆ. ಪಕ್ಕದ ಕೋಣೆಯ ಗೋಡೆಯಿಂದ ಬೇರೆ ದಾರಿ ಹುಡುಕಬೇಕು.

ಕೆಳ ಅಂತಸ್ತಿನಲ್ಲಿ ವೈರ್ ಒಳಗಿದೆ, ಕಾಣುವುದಿಲ್ಲ. ಅಲ್ಲಿ ವೈರಿನ ಹೊದಿಕೆಯಿಂದ ಕರೆಂಟ್ ಸೋರುತ್ತದೆಯೇ ಎಂದು ಅಳೆಯುವ ಮೆಗ್ಗರ್ ಬೇಕು. ಮನೆಯ ವೈರಿಂಗನ್ನು 500 ವೋಲ್ಟ್ ಡಿಸಿ ಮೆಗ್ಗರ್‌ನಿಂದ ಅಳೆಯುತ್ತಾರೆ. ಫೇಸ್ ಮತ್ತು ನ್ಯೂಟ್ರಲ್ ನಡುವೆ, ಫೇಸ್ ಮತ್ತು ಅರ್ಥ್ ನಡುವೆ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ. ಕನಿಷ್ಠ 1 ಮೆಗಾಓಮ್ ಇರಬೇಕು. ಹೊಸ ವೈರಿನಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ತೋರಿಸಬೇಕು, ಆದ್ದರಿಂದ 1ರ ಸುತ್ತಮುತ್ತ ಬಂದರೂ ಅನುಮಾನ ಪಡಿ. ಬಲ್ಬು, ಫ್ಯಾನು ಏನೂ ಜೋಡಿಸಿರಬಾರದು. ಜೋಡಿಸಿದ್ದರೆ ಅಳತೆಗೆ ಅರ್ಥವಿಲ್ಲ.

ಕೆಳಗಿನ 7 ಸರ್ಕ್ಯೂಟ್‌ಗಳಲ್ಲಿ 6 ಸರಿ ಬಂದವು, ಪಡುವಣ ಗೋಡೆಯ ಕಡೆಯದು 0.4 ತೋರಿಸಿತು ಎಂದುಕೊಳ್ಳಿ. ಇಂಥಲ್ಲಿ ಪೈಪಿನೊಳಗೆ ಎಲ್ಲೋ ವೈರ್ ಜೋಡಿಸಿ ಟೇಪ್ ಸುತ್ತಿರುವ ಸಂಭವ ಹೆಚ್ಚು. ವೈರ್ ಸಾಲದಾದಾಗ ತುಂಡು ಸೇರಿಸಿ ಎಳೆದುಬಿಡುತ್ತಾರೆ. ಗೋಡೆ ಥಂಡಿ ಹಿಡಿದಾಗ ಅಲ್ಲಿಂದ ಸೋರಿಕೆ ಶುರುವಾಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ಪಡುವಣ ಗೋಡೆ ಎಷ್ಟು ನೆನೆಯುತ್ತದೆ ಎಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಪರಿಹಾರ ಒಂದೇ: ಆ ವೈರನ್ನು ಪೂರ್ತಿ ಹೊರಗೆಳೆದು, ಬಾಕ್ಸಿನಿಂದ ಬಾಕ್ಸಿಗೆ ಜೋಡಣೆಯಿಲ್ಲದ ಹೊಸ ವೈರ್ ಎಳೆದು ಮತ್ತೆ ಅಳೆಯುವುದು.

ಅರ್ಥಿಂಗ್ ಗುಂಡಿ ಆಗಿದ್ದರೆ ಅದನ್ನೂ ಅಳೆಸಿ. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿ ಅರ್ಥ್ ಸರಿಯಾಗಿ ಸಿಗುವುದಿಲ್ಲ. ಜುಲೈನಲ್ಲಿ ಅಳೆದ ಅಂಕಿ ಚೆಂದ ಕಾಣುತ್ತದೆ. ನಂಬಬೇಕಾದದ್ದು ಮಾರ್ಚ್, ಏಪ್ರಿಲ್‌ನ ಅಂಕಿಯನ್ನು. ಅಳೆದ ತಿಂಗಳನ್ನು ಹಾಳೆಯಲ್ಲಿ ಬರೆಯಿರಿ.

ಉಳಿದದ್ದು ಬೇಗ ಮುಗಿಯುತ್ತದೆ: ಉಳಿದ ವೈರ್ ಕಾಯಿಲ್‌ಗಳ ಎಣಿಕೆ (ಒಂದು ಕಾಯಿಲ್ 90 ಮೀಟರ್), ಪೈಪು ಹೋದ ದಾರಿಯ ನಕ್ಷೆ, ಸ್ಲ್ಯಾಬ್ ಹಾಕುವ ಮೊದಲು ತೆಗೆದ ಫೋಟೋಗಳು, ಮನೆಯ ಕೀಲಿ. ಕೀಲಿಯನ್ನು ಮರೆಯುವವರೇ ಹೆಚ್ಚು. ಎಲ್ಲವನ್ನೂ ಎರಡು ಹಾಳೆಯಲ್ಲಿ ಬರೆದು ಮೂವರೂ ಸಹಿ ಹಾಕಿ. ಹಳೆಯವರು ಸಹಿ ಹಾಕಲು ಒಪ್ಪದಿದ್ದರೆ "ಕರೆದೆವು, ಬರಲಿಲ್ಲ" ಎಂದೋ "ಸಹಿಗೆ ಒಪ್ಪಲಿಲ್ಲ" ಎಂದೋ ತಾರೀಖು ಹಾಕಿ ಬರೆಯಿರಿ, ತಪಾಸಣೆಯ ವಿಡಿಯೋ ಇಟ್ಟುಕೊಳ್ಳಿ.

ಫೋನ್ ಮಾತು

ಫೋನು ಐದು ನಿಮಿಷ ಮೀರಬಾರದು. ತಪಾಸಣೆ ಇನ್ನೂ ಆಗಿರುವುದಿಲ್ಲ, ಆದ್ದರಿಂದ ಗುಣಮಟ್ಟದ ಬಗ್ಗೆ ಭರವಸೆ ಕೊಡುವ ಆತುರ ಬೇಡ. ಹೀಗೆ ಸಾಕು:

"ನಮಸ್ಕಾರ ಸರ್, ಒಂದು ವಿಷಯ ನಾನೇ ಹೇಳ್ಬೇಕು ಅಂತ ಫೋನ್ ಮಾಡ್ದೆ. ವೈರಿಂಗ್ ಮಾಡ್ತಿದ್ದವರು ಬೇರೆ ಕೆಲಸ ಒಪ್ಕೊಂಡು ಹೋಗ್ತಾ ಇದ್ದಾರೆ. ಸೋಮವಾರದಿಂದ ಬೇರೆಯವರು ಬರ್ತಾರೆ, ಅವರಿಗೂ ಲೈಸೆನ್ಸ್ ಇದೆ."

"ಅಲ್ದಾ ಮಾರಾಯ್ರೇ, ಗೃಹಪ್ರವೇಶಕ್ಕೆ ಕಾಗದ ಹೊಡೆಸಿ ಆಯ್ತು. ಇದು ಈಗ ಎಂಥದು?"

"ತಾರೀಖಿನ ಬಗ್ಗೆ ಈಗಲೇ ಬಾಯಿಗೆ ಬಂದದ್ದು ಹೇಳೂದಿಲ್ಲ ಸರ್. ಶನಿವಾರ ಇಬ್ಬರನ್ನೂ ಕೂರಿಸ್ಕೊಂಡು ಇಲ್ಲಿವರೆಗೆ ಆದ ಕೆಲಸ ಪೂರ್ತಿ ಟೆಸ್ಟ್ ಮಾಡಿಸ್ತೇನೆ. ಮಂಗಳವಾರದೊಳಗೆ ಎಂಥ ಸರಿ ಇದೆ, ಎಂಥ ಸರಿ ಇಲ್ಲ, ಎಷ್ಟು ದಿನ ಹೆಚ್ಚು ಬೇಕು ಅಂತ ಬರೆದು ಕಳಿಸ್ತೇನೆ. ನೀವು ಯಾರನ್ನಾದ್ರೂ ಕಳಿಸೂದಾದ್ರೆ ಶನಿವಾರ ಹತ್ತು ಗಂಟೆಗೆ ಬರ್ಲಿ."

ಕೊನೆಯ ಮಾತು ತೂಕದ್ದು. ಊರಿನಲ್ಲಿರುವ ಅಣ್ಣನೋ ಮಾವನೋ ತಪಾಸಣೆಗೆ ಬಂದು ನಿಂತರೆ, ನಿಮ್ಮ ಹತ್ತು ಫೋನ್‌ಗಿಂತ ಅವರ ಒಂದು ಮಾತು ಹೆಚ್ಚು ಕೆಲಸ ಮಾಡುತ್ತದೆ. ಮಂಗಳವಾರ ಎಂದಿದ್ದರೆ ಮಂಗಳವಾರವೇ ಕಳಿಸಿ; ಅಷ್ಟರಲ್ಲಿ ತಪಾಸಣೆ ಮುಗಿಯದಿದ್ದರೂ ಆದಷ್ಟನ್ನು ಕಳಿಸಿ.

ಪತ್ರ

ಪಿಡಿಎಫ್ ಮಾಡಿ ಇಮೇಲ್‌ಗೂ ವಾಟ್ಸ್‌ಆ್ಯಪ್‌ಗೂ ಹಾಕಿ. ವಾಟ್ಸ್‌ಆ್ಯಪ್ ಧ್ವನಿ ಸಂದೇಶ ಪತ್ರವಲ್ಲ. ಮಾದರಿ ಮನೆಗೆ ಪತ್ರ ಹೀಗಿರಬಹುದು:

> ಮಾನ್ಯರೇ,
>
> ವಿಷಯ: ನಿಮ್ಮ ಮನೆಯ ವೈರಿಂಗ್ ಕೆಲಸದವರ ಬದಲಾವಣೆ
>
> ಫೋನಿನಲ್ಲಿ ತಿಳಿಸಿದಂತೆ, ವೈರಿಂಗ್ ಮಾಡುತ್ತಿದ್ದವರು ಬೇರೆ ಕೆಲಸ ಒಪ್ಪಿಕೊಂಡಿರುವುದರಿಂದ ಮಾರ್ಚ್ 2ರಿಂದ ಹೊಸ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್ ಕೆಲಸ ಮುಂದುವರಿಸುತ್ತಾರೆ. ಅವರ ಹೆಸರು, ಫೋನ್, ಲೈಸೆನ್ಸ್ ಪ್ರತಿ ಲಗತ್ತಿಸಿದೆ.
>
> ಫೆಬ್ರವರಿ 28ರಂದು ಇಬ್ಬರ ಎದುರಿನಲ್ಲಿ ಈವರೆಗಿನ ಕೆಲಸ ಪರೀಕ್ಷಿಸಿದೆವು. ಮೇಲಿನ ಅಂತಸ್ತಿನ 52 ಪೈಪುಗಳಲ್ಲಿ 48 ಸರಿ ಇವೆ, 4 ಕಟ್ಟಿಕೊಂಡಿವೆ. ಮೂರನ್ನು ಗೋಡೆ ಬಿಡಿಸಿ ಸರಿಪಡಿಸುತ್ತೇವೆ. ಒಂದಕ್ಕೆ ಪಕ್ಕದ ಕೋಣೆಯಿಂದ ಹೊಸ ದಾರಿ ಮಾಡುತ್ತೇವೆ. ಕೆಳಗಿನ 7 ಸರ್ಕ್ಯೂಟ್‌ಗಳಲ್ಲಿ 6 ಸರಿ ಇವೆ. ಪಡುವಣ ಗೋಡೆಯ ಒಂದರಲ್ಲಿ ಅಳತೆ ಕಡಿಮೆ ಬಂದಿದೆ. ಆ ವೈರನ್ನು ಪೂರ್ತಿ ತೆಗೆದು ಹೊಸದು ಎಳೆಸುತ್ತೇವೆ. ಸಹಿ ಮಾಡಿದ ತಪಾಸಣಾ ಹಾಳೆ ಲಗತ್ತಿಸಿದೆ.
>
> ಈ ದುರಸ್ತಿಯ ಖರ್ಚು ನಮ್ಮದು. ನಮ್ಮ ಕರಾರಿನ ದರದಲ್ಲಿ ಬದಲಾವಣೆ ಇಲ್ಲ. ಹಿಂದಿನವರು ಮಾಡಿದ ಕೆಲಸಕ್ಕೂ ಹೊಸಬರು ಮಾಡುವ ಕೆಲಸಕ್ಕೂ ಕರಾರಿನಂತೆ ನಾವೇ ಹೊಣೆ.
>
> ವೈರ್ ಎಳೆಯುವ ಕೆಲಸ ಮಾರ್ಚ್ 10ರ ಬದಲು 18ಕ್ಕೆ ಮುಗಿಯುತ್ತದೆ. ಅಷ್ಟರಲ್ಲಿ ಕೆಳ ಅಂತಸ್ತಿನ ಪುಟ್ಟಿ, ಪೇಂಟ್ ಮೊದಲು ಮುಗಿಸುವುದರಿಂದ ಇಡೀ ಮನೆಯ ಕೆಲಸಕ್ಕೆ 3 ದಿನ ತಡ. ಸ್ವಿಚ್ ಜೋಡಣೆ ಏಪ್ರಿಲ್ 8ರ ಬದಲು 11ಕ್ಕೆ ಮುಗಿಯುತ್ತದೆ.
>
> ಹಿಂದಿನವರ ಬಾಕಿ ಲೆಕ್ಕ ನಮ್ಮ ಮತ್ತು ಅವರ ನಡುವಿನದು. ನಿಮ್ಮ ಬಳಿ ಯಾರಾದರೂ ಹಣ ಕೇಳಿದರೆ ಕೊಡದೆ ನಮಗೆ ತಿಳಿಸಿ. ನೀವು ಅವರಿಗೆ ನೇರವಾಗಿ ಏನಾದರೂ ಕೊಟ್ಟಿದ್ದರೆ ದಯವಿಟ್ಟು ಹೇಳಿ.
>
> ಮಾರ್ಚ್ 19ರಂದು ಎಲ್ಲ ಸರ್ಕ್ಯೂಟ್‌ಗಳನ್ನು ಮತ್ತೆ ಅಳೆದು ಅಂಕಿಗಳನ್ನು ಕಳಿಸುತ್ತೇವೆ.

ಇದರಲ್ಲಿ ಎರಡು ಕಡೆ ಕೈ ತಡೆಯುತ್ತದೆ. ಒಂದು, ಕಟ್ಟಿಕೊಂಡ ಪೈಪು, ಕೆಟ್ಟ ಸರ್ಕ್ಯೂಟ್ ಬಗ್ಗೆ ಬರೆಯುವುದು. "ಎಲ್ಲ ಸರಿ ಇದೆ" ಎಂದು ಬರೆಯುವ ಆಸೆ ಬರುತ್ತದೆ. ಆದರೆ ದೋಷವೇ ಇಲ್ಲದ ತಪಾಸಣೆಯನ್ನು ಯಾರೂ ನಂಬುವುದಿಲ್ಲ. 52ರಲ್ಲಿ 4 ಎಂದು ಎಣಿಸಿ ಬರೆದಾಗ ಉಳಿದ 48ಕ್ಕೂ ಬೆಲೆ ಬರುತ್ತದೆ. ಅಲ್ಲದೆ ಗೋಡೆ ಬಿಡಿಸಿದ ಗುರುತನ್ನು ಯಜಮಾನರ ಕಡೆಯವರು ನಾಳೆ ನೋಡಿಯೇ ನೋಡುತ್ತಾರೆ.

ಇನ್ನೊಂದು, ಕಾರಣ. ಒಂದೇ ವಾಕ್ಯ, ಅದೂ ನಿಜವಾದದ್ದು. ಕೆಲಸ ಸರಿಯಿಲ್ಲವೆಂದು ನೀವೇ ಬಿಡಿಸಿದ್ದರೆ "ಬೇರೆ ಕೆಲಸಕ್ಕೆ ಹೋದರು" ಎಂದು ಸುಳ್ಳು ಬರೆಯಬೇಡಿ. "ನಾವು ಬಯಸಿದ ರೀತಿಯಲ್ಲಿ ಕೆಲಸ ಆಗುತ್ತಿರಲಿಲ್ಲ" ಎಂದು ಬರೆದು ತಪಾಸಣಾ ಹಾಳೆ ತೋರಿಸಿ. ಆದರೆ ಅವರು ಕಳ್ಳರು, ಕುಡುಕರು, ಕೆಲಸ ಬಾರದವರು ಎಂದೆಲ್ಲ ಬರೆಯುವುದು ಬೇಡ. ಆ ಪತ್ರ ಅವರ ಕೈಗೂ ಹೋಗುತ್ತದೆ. ಹೋಗದಿದ್ದರೂ, ಅಂಥವರನ್ನು ಇಷ್ಟು ದಿನ ಯಾಕೆ ಇಟ್ಟುಕೊಂಡಿರಿ ಎಂಬ ಪ್ರಶ್ನೆಗೆ ನಿಮ್ಮಲ್ಲಿ ಉತ್ತರವಿರುವುದಿಲ್ಲ.

ಹಣದ ಸಾಲುಗಳನ್ನು ಬಿಡಬೇಡಿ. ಬಾಕಿ ಉಳಿದ ಕೆಲಸಗಾರ ನೇರವಾಗಿ ಮನೆ ಯಜಮಾನರ ಬಾಗಿಲಿಗೆ ಹೋಗುವುದಿದೆ. ಯಜಮಾನರು "ಪಾಪ" ಎಂದು ಹಿಂದೆಯೇ ಐದು ಸಾವಿರ ಕೊಟ್ಟಿರುವುದೂ ಇದೆ. ಅದು ತಿಳಿಯದೆ ನೀವು ಲೆಕ್ಕ ಮುಗಿಸಿದರೆ ಒಂದೇ ದುಡ್ಡು ಎರಡು ಸಲ ಹೋಗುತ್ತದೆ. ಸಾಮಾನು ಯಜಮಾನರದ್ದು, ಕೂಲಿ ಮಾತ್ರ ನಿಮ್ಮದು ಎಂಬ ಕರಾರಾಗಿದ್ದರೆ, ಬದಲಿಸಿದ ವೈರಿನ ಬೆಲೆ ಯಾರದು ಎಂದು ಪತ್ರದಲ್ಲೇ ಬರೆಯಿರಿ. ಹಳೆಯವರ ತಪ್ಪಿಗೆ ಯಜಮಾನರ ಕಾಯಿಲ್ ಖರ್ಚು ಮಾಡುವುದು ನ್ಯಾಯವಲ್ಲ.

ಹೆಸ್ಕಾಂ ಕಾಗದ

ಎಲ್ಲ ಸರಿಯಾಗಿ ಹೋದ ಮೇಲೂ ಕೊನೆಗೆ ಗಂಟು ಬೀಳುವ ಜಾಗ ಇದು. ಕಾಯಂ ಸಂಪರ್ಕಕ್ಕಾಗಿ ಹೆಸ್ಕಾಂಗೆ ಕೊಡುವ ವೈರಿಂಗ್ ಪೂರ್ಣಗೊಂಡ ವರದಿಗೆ ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್ ಸಹಿ ಬೇಕು. ಆ ಸಹಿ ಇಡೀ ಮನೆಯ ವೈರಿಂಗ್‌ಗೆ. "ಅರ್ಧ ನಾನು ಮಾಡಿದ್ದಲ್ಲ, ಅದಕ್ಕೆ ಸಹಿ ಹಾಕೂದಿಲ್ಲ" ಎಂದು ಹೊಸಬರು ಏಪ್ರಿಲ್ ಎರಡನೇ ವಾರದಲ್ಲಿ ಹೇಳಿದರೆ ಗೃಹಪ್ರವೇಶಕ್ಕೆ ಜನರೇಟರ್ ತರಿಸಬೇಕಾಗುತ್ತದೆ. ಅವರು ಹಾಗೆ ಹೇಳುವುದರಲ್ಲಿ ತಪ್ಪೇನೂ ಇಲ್ಲ. ನೋಡದ ಕೆಲಸಕ್ಕೆ ಯಾರಾದರೂ ಯಾಕೆ ಸಹಿ ಹಾಕಬೇಕು?

ಆದ್ದರಿಂದ ಕೆಲಸ ಒಪ್ಪಿಸುವಾಗಲೇ ಕೇಳಿ: ಹಳೆಯ ಭಾಗವನ್ನು ನೀವೇ ಅಳೆದು ನೋಡಿ, ಸರಿಪಡಿಸಿ, ಪೂರ್ತಿ ಮನೆಗೆ ವರದಿ ಕೊಡುತ್ತೀರಾ? ಅವರು ಅದಕ್ಕೆ ಹೆಚ್ಚು ಹಣ ಕೇಳಬಹುದು, ಕೇಳಬೇಕಾದದ್ದೇ. ಆ ಒಪ್ಪಿಗೆಯನ್ನು ಅವರ ಕೆಲಸದ ಆದೇಶದಲ್ಲಿ ಬರೆಸಿಕೊಳ್ಳಿ. ಹಳೆಯವರ ಹೆಸರಿನಲ್ಲಿ ಈಗಾಗಲೇ ಅರ್ಜಿ ಹೋಗಿದ್ದರೆ, ಕಾಂಟ್ರಾಕ್ಟರ್ ಬದಲಾದದ್ದನ್ನು ಆ ವಿಭಾಗದ ಹೆಸ್ಕಾಂ ಕಚೇರಿಯಲ್ಲಿ ಆಗಲೇ ತಿಳಿಸಿ, ಯಾವ ಕಾಗದ ಮತ್ತೆ ಕೊಡಬೇಕು ಎಂದು ಕೇಳಿಕೊಳ್ಳಿ. ಇದಾದ ಮೇಲೆ ಯಜಮಾನರಿಗೆ ಒಂದೇ ಸಾಲು ಸಾಕು: "ಇಡೀ ಮನೆಯ ವೈರಿಂಗ್ ವರದಿಗೆ ಹೊಸ ಕಾಂಟ್ರಾಕ್ಟರ್ ಸಹಿ ಹಾಕಲು ಒಪ್ಪಿದ್ದಾರೆ." ಗೋಡೆಯೊಳಗಿನದಕ್ಕೆ ಯಾರು ಹೊಣೆ ಎಂಬುದಕ್ಕೆ ಇಷ್ಟು ಚಿಕ್ಕ, ಇಷ್ಟು ಗಟ್ಟಿ ಉತ್ತರ ಬೇರೆ ಸಿಗುವುದಿಲ್ಲ.

ಪತ್ರದ ನಂತರದ ಮೂರು ವಾರ

ಬದಲಾವಣೆಯ ಮೊದಲು ವಾರಕ್ಕೊಮ್ಮೆ ಫೋಟೋ ಕಳಿಸುತ್ತಿದ್ದರೆ ಈಗ ವಾರಕ್ಕೆ ಎರಡು ಸಲ ಕಳಿಸಿ. ದೂರದಿಂದ ತೆಗೆದ ಗೋಡೆಯ ಫೋಟೋ ಉಪಯೋಗಕ್ಕಿಲ್ಲ. ಗೋಡೆ ಬಿಡಿಸಿದ ಜಾಗ, ಹೊಸ ಪೈಪು, ಮುಚ್ಚಿದ ಮೇಲೆ ಅದೇ ಜಾಗ: ಈ ಮೂರು ಒಂದರ ಕೆಳಗೊಂದು. ಮೆಗ್ಗರ್‌ನ ಪರದೆ ಕಾಣುವಂತೆ, ಯಾವ ಸರ್ಕ್ಯೂಟ್ ಎಂದು ಚೀಟಿ ಅಂಟಿಸಿ ತೆಗೆದ ಫೋಟೋ. 0.4 ಇದ್ದ ಸರ್ಕ್ಯೂಟಿನ ಹೊಸ ಅಂಕಿಯನ್ನು ಹಳೆಯದರ ಪಕ್ಕದಲ್ಲೇ ಬರೆಯಿರಿ.

ತಾರೀಖು ಮತ್ತೆ ಜಾರುವ ಲಕ್ಷಣ ಮಾರ್ಚ್ 14ರ ಹೊತ್ತಿಗೇ ಗೊತ್ತಾಗುತ್ತದೆ. ಅಷ್ಟರಲ್ಲಿ 52ರಲ್ಲಿ 35 ಪಾಯಿಂಟಾದರೂ ಆಗಿರದಿದ್ದರೆ 18ಕ್ಕೆ ಮುಗಿಯುವುದಿಲ್ಲ. ಆಗ 14ರಂದೇ ಹೇಳಿ. ಇನ್ನೊಬ್ಬ ಹೆಲ್ಪರ್ ಹಾಕಿದ್ದೇವೆ, ಇಂಥ ದಿನ ಮುಗಿಯುತ್ತದೆ ಎಂದು. 19ಕ್ಕೆ ಅವರೇ ಫೋನ್ ಮಾಡಿ ಕೇಳುವ ತನಕ ಕಾಯಬೇಡಿ.

ಯಜಮಾನರು ಹೊಸ ಎಲೆಕ್ಟ್ರಿಷಿಯನ್‌ಗೆ ನೇರವಾಗಿ ಫೋನ್ ಮಾಡಿ "ಇಲ್ಲೊಂದು ಪಾಯಿಂಟ್ ಹೆಚ್ಚು ಹಾಕಿ" ಎನ್ನಲು ಶುರು ಮಾಡುವುದುಂಟು. ನಂಬಿಕೆ ಅಲುಗಿದಾಗ ಹಾಗಾಗುತ್ತದೆ. ಬೇಡವೆನ್ನುವ ಬದಲು ಮೂವರ ಒಂದು ವಾಟ್ಸ್‌ಆ್ಯಪ್ ಗುಂಪು ಮಾಡಿ, ಹೆಚ್ಚಿನ ಕೆಲಸ ಏನಿದ್ದರೂ ಅಲ್ಲಿ ಬರೆಯಲಿ, ನೀವು ದರ ಬರೆದ ಮೇಲೆ ಕೆಲಸ ಶುರುವಾಗಲಿ ಎಂದು ಇಬ್ಬರಿಗೂ ಹೇಳಿ. ಕೆಲಸ ಮುಗಿದು ಕೀಲಿ ಕೊಡುವ ದಿನ ತಪಾಸಣಾ ಹಾಳೆ, ಎರಡೂ ಸಲದ ಮೆಗ್ಗರ್ ಅಂಕಿಗಳು, ತಿದ್ದಿದ ಪೈಪಿನ ನಕ್ಷೆ ಇವುಗಳ ಒಂದು ಪ್ರತಿಯನ್ನು ಡಿಬಿ ಬಾಕ್ಸಿನ ಬಾಗಿಲ ಒಳಗೆ ಪ್ಲಾಸ್ಟಿಕ್ ಚೀಲದಲ್ಲಿ ಅಂಟಿಸಿ. ಐದು ವರ್ಷದ ಮೇಲೆ ಎಸಿ ಹಾಕಲು ಬರುವವರು ಗೋಡೆಗೆ ಡ್ರಿಲ್ ಹಿಡಿಯುವ ಮೊದಲು ನೋಡುವುದು ಅದನ್ನೇ.